ಗಂಟಲಿಗೆ ಒಂದು ಮುಚ್ಚಳ

ನನ್ನ ಗಂಡ ಕುಡುಕನಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮಣ್ಣಿಗೆ ಬಂದವರೆಲ್ಲ ಇದನ್ನೇ ಹೇಳಿ ಹೋದರು. "ಪಾಪ, ಕುಡುಕ ಅಲ್ಲ, ಆದ್ರೂ ನೋಡಿ ಇಂಗಾಯ್ತು." ಹಾರ ಹಾಕುವಾಗ ಹೇಳಿದರು, ಕೈಕಾಲು ತೊಳೆಯುವಾಗಲೂ ಹೇಳಿದರು. ದಿನಾ ಸಂಜೆ ಬ್ರಾಂಡಿ ಕುಡಿಯುವವನು ಕುಡುಕನಲ್ಲ ಎನ್ನಲು ನಮ್ಮ ಕಡೆ ಒಂದೇ ಸಾಕ್ಷಿ ಸಾಕು. ಚರಂಡಿಯಲ್ಲಿ ಬಿದ್ದಿರಬಾರದು, ಅಷ್ಟೆ.

ಅವರ ಹೆಸರು ರಂಗರಾಜು. ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ, ಬರೆಯಬಹುದು. ಹುಟ್ಟಿದ್ದು ಬುಕ್ಕಾಪಟ್ಟಣದ ಹತ್ತಿರ ಒಂದು ಹಳ್ಳಿಯಲ್ಲಿ. ಬೆಳೆದದ್ದು ಕುರಿಯ ಹಿಂದೆ. ಈ ಗುಡ್ಡದ ಮೇಲೆ ನಿಂತು ಆ ಗುಡ್ಡದ ಕುರಿಯನ್ನು ಕರೆದು ಕರೆದು ಗಂಟಲು ಬಲಿತಿತ್ತು. ಆ ಗಂಟಲೇ ಅನ್ನ ಹಾಕಿತು. ಮಧುಗಿರಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟ್ ಆದರು. ಏಜೆಂಟ್ ಎಂದರೆ ದೊಡ್ಡದೇನಲ್ಲ. ಬಸ್ಸಿಗೆ ಜನರನ್ನು ಕೂಗಿ ಹತ್ತಿಸುವ ಕೆಲಸ.

ಒಂದೊಂದು ಊರಿಗೆ ಒಂದೊಂದು ರಾಗ. "ಶಿರಾ ಶಿರಾ ಶಿರಾ" ಎನ್ನುವುದು ಓಟ. "ಕೊರಟಗೇರೇ" ಎನ್ನುವುದು ಎಳೆತ. ಶುಕ್ರವಾರ ಗೊರವನಹಳ್ಳಿಗೆ ಹೋಗುವ ಹೆಂಗಸರು ಬಂದರೆ ದನಿ ತಗ್ಗಿಸಿ, ತಾವೇ ಪೂಜಾರಿ ಎನ್ನುವಂತೆ "ಲಕ್ಷ್ಮಮ್ಮನ ದರ್ಶನ, ಬನ್ನಿ ತಾಯಿ" ಎನ್ನುತ್ತಿದ್ದರು. ಪಾವಗಡದ ಬಸ್ಸಿಗೆ ಮಾತ್ರ ತೆಲುಗು. "ರಂಡಮ್ಮಾ, ರಂಡಿ ರಂಡಿ." ತೆಲುಗಿನಲ್ಲಿ ಅದು ಬನ್ನಿ ಅಂತ. ತೆಲುಗು ಬಾರದ ಒಬ್ಬಾಕೆ ಒಂದು ದಿನ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಿದ್ದಳು. ಅವಳನ್ನೂ ಕೊನೆಗೆ ಕಿಟಕಿ ಪಕ್ಕ ಕೂರಿಸಿ ಕಳಿಸಿದರು. ಅಂಥ ಗಂಟಲು.

ಅವರ ದನಿ ಹೋದ ಮೇಲೆ ಅದೇ ಜಾಗದಲ್ಲಿ ಅವರ ತಮ್ಮ ಗೋಪಾಲ ನಿಂತು ಕೂಗತೊಡಗಿದ. ಅಣ್ಣನ ಜಾಗ ಸಿಕ್ಕಿತು, ಅಣ್ಣನ ಔಷಧಿಯೂ ಸಿಕ್ಕಿತು. ಕೊನೆಗೆ ಗೋಪಾಲನ ದನಿಯೂ ಒಡೆಯಿತು. ನಾನು ಬರೆಯುತ್ತಿರುವುದು ಸತ್ತವರಿಗಾಗಿ ಅಲ್ಲ. ಅವರಿಗೆ ಓದಲು ಪುರುಸೊತ್ತಿಲ್ಲ.

ಆ ಔಷಧಿಯ ಕಥೆ ಹೇಳುತ್ತೇನೆ. ನಿಲ್ದಾಣದಲ್ಲಿ ಮೊದಲು ಕೂಗುತ್ತಿದ್ದವನು ಮರುಳಸಿದ್ದಯ್ಯ ಅಂತ ಒಬ್ಬ ಮುದುಕ. ಕೆಲಸ ಕಲಿಸಿದವನೂ ಅವನೇ, ಇದನ್ನು ಕಲಿಸಿದವನೂ ಅವನೇ. ಕೂಗಿ ಕೂಗಿ ಸಂಜೆಗೆ ಗಂಟಲು ಕೆರೆಯುತ್ತದೆ. ಬ್ರಾಂಡಿ ಬಾಟಲಿಯ ಮುಚ್ಚಳ ತೆಗೆ, ಅದರ ತುಂಬ ಬ್ರಾಂಡಿ ಬಗ್ಗಿಸು, ಮೇಲೆ ಚಿಟಿಕೆ ಮೆಣಸಿನ ಪುಡಿ ಉದುರಿಸು. ಬಾಯಿಗೆ ಹಾಕಿದ ಕೂಡಲೇ ನುಂಗಬೇಡ. ಕತ್ತು ಮೇಲೆತ್ತಿ ಗಂಟಲಲ್ಲಿ ನಿಲ್ಲಿಸು. ಉರಿ ಹೋಗಿ ಜೋಮು ಹಿಡಿದ ಮೇಲೆ ನುಂಗು. "ನಿಲ್ಸಿ ನುಂಗ್ಬೇಕು ಕಣ್ಲಾ. ನಿಲ್ಲಿಸ್ದೆ ನುಂಗೋನು ಕುಡುಕ, ನಿಲ್ಸಿ ನುಂಗೋನು ಏಜೆಂಟ್." ಇದು ಮುದುಕನ ವೇದ.

ನಿಲ್ದಾಣದಲ್ಲಿ ಎಲ್ಲರೂ ಈ ವೇದ ಕಲಿತರು. ಬಾಟಲಿಯನ್ನು ಬಾಟಲಿ ಎನ್ನುತ್ತಿರಲಿಲ್ಲ, ಗಂಟಲ ಔಷಧಿ ಎನ್ನುತ್ತಿದ್ದರು. ಕುಡಿಯುವುದನ್ನು ಕುಡಿಯುವುದು ಎನ್ನುತ್ತಿರಲಿಲ್ಲ. "ಮುಚ್ಚಳ ಆಯ್ತಾ?" "ಆಯ್ತು." ಒಂದು ಸಂಜೆಗೆ ಒಂದು. ಚಳಿ ಬಿದ್ದರೆ ಇನ್ನೊಂದು. ಸಂತೆಯ ದಿನ ಹೆಚ್ಚು ಕೂಗಿದ್ದಕ್ಕೆ ಮತ್ತೊಂದು. ಎಷ್ಟಾದರೂ ಮಾತಿನಲ್ಲಿ ಮಾತ್ರ ಒಂದೇ ಮುಚ್ಚಳ. ನಾನು ಗೊಣಗಿದರೆ ನಮ್ಮ ಯಜಮಾನರು ನಗುತ್ತಿದ್ದರು. "ಮುಚ್ಚಳದಲ್ಲಿ ಮುಳುಗಿ ಸತ್ತೋನ್ನ ನೋಡಿದ್ದೀಯೇನೇ?"

ಆಗ ನೋಡಿರಲಿಲ್ಲ.

ಬೀಡಿ ಮುಟ್ಟಿದವರಲ್ಲ. ಎಲೆ ಅಡಿಕೆ ಇಲ್ಲ, ಹೊಗೆಸೊಪ್ಪಿಲ್ಲ. ಅದಕ್ಕೇ ದನಿ ಒಡೆದಾಗ ಯಾರೂ ಏನೂ ಅಂದುಕೊಳ್ಳಲಿಲ್ಲ. ಮೊದಲು ಶಿರಾ ಹೋಯಿತು. ಓಟದ ಮಾತು ಬರುತ್ತಿರಲಿಲ್ಲ. ಆಮೇಲೆ ಕೊರಟಗೆರೆಯ ಎಳೆತ ಹೋಯಿತು. ಕಿವಿಯಲ್ಲಿ ಒಂದೇ ಕಡೆ ಚುಚ್ಚಿದ ಹಾಗೆ ನೋವು ಎಂದರು. ಮುದ್ದೆ ಇಳಿಯುವಾಗ ಕತ್ತು ಓರೆ ಮಾಡಿ ನುಂಗತೊಡಗಿದರು. ಗಂಟಲು ಕೆಟ್ಟಿದೆ ಅಂತ ನಿಲ್ದಾಣದ ಜನ ಏನು ಮಾಡಿದರು? ಮುಚ್ಚಳ ಜಾಸ್ತಿ ಮಾಡಿ ಎಂದರು. ಬುದ್ಧಿವಂತರು.

ಕತ್ತಿನಲ್ಲಿ ಗಂಟು ಎದ್ದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅನ್ನದ ದಾರಿಯೂ ಉಸಿರಿನ ದಾರಿಯೂ ಕವಲು ಒಡೆಯುವ ಜಾಗದಲ್ಲಿ ಹುಣ್ಣು. ಅದು ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೂ ಹಿಡಿದಿತ್ತು. ತೆಗೆದುಬಿಟ್ಟರು. ಕತ್ತಿನ ಕೆಳಗೆ ತೂತು ಮಾಡಿ ಉಸಿರಿಗೆ ಬೇರೆ ದಾರಿ ಕೊಟ್ಟರು. ಆಮೇಲೆ ಕರೆಂಟ್, ಎಂದರೆ ರೇಡಿಯೇಷನ್, ಕೊಟ್ಟರು. ಮಧುಗಿರಿಯನ್ನೆಲ್ಲ ಎಬ್ಬಿಸುತ್ತಿದ್ದ ಮನುಷ್ಯ ಸ್ಲೇಟು ಹಿಡಿದು ಕೂತರು. ನೀರು ಬೇಕಾದರೆ ನೀರು ಅಂತ ಬರೆಯಬೇಕು. ಸಿಟ್ಟು ಬಂದರೆ ಸ್ಲೇಟು ಕುಟ್ಟಬೇಕು.

ಒಂದು ಸಲ ತೋರಿಸಲು ಹೋಗುವಾಗ ಗೋಪಾಲ ಜೊತೆಗೆ ಬಂದ. ನಮ್ಮ ಬೀದಿಯ ವೆಂಕಟರಾಮಯ್ಯ ಮೇಷ್ಟ್ರೂ ಬಂದರು. ರಿಟೈರ್ ಆದವರು, ತಿಳಿದವರು, ಇಂಗ್ಲಿಷ್ ಮಾತಾಡಲು ಇರಲಿ ಅಂತ ಕರೆದುಕೊಂಡು ಹೋದೆವು. ಇಂಗ್ಲಿಷ್ ಬೇಕಾಗಲಿಲ್ಲ. ಡಾಕ್ಟರಮ್ಮ ಆಶಾರಾಣಿ ಅಂತ, ಶಿರಾ ಕಡೆಯವರೇ. ಕೈಯಲ್ಲಿ ಕೆಲಸವಿಲ್ಲದ ಮೇಷ್ಟ್ರು ಬಾಯಿಗೆ ಕೆಲಸ ಕೊಟ್ಟರು.

"ಡಾಕ್ಟ್ರೇ, ಇವರು ಮಿತವಾಗಿ ತಗೊಳ್ತಿದ್ದವರು. ದಿನಕ್ಕೆ ಒಂಚೂರು ತಗೊಂಡ್ರೆ ಹಾರ್ಟಿಗೆ ಒಳ್ಳೇದು ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ?"

"ಹಾರ್ಟ್ ತೋರ್ಸೋಕೆ ಬಂದಿದ್ದೀರಾ ಮೇಷ್ಟ್ರೇ, ಗಂಟಲು ತೋರ್ಸೋಕೆ ಬಂದಿದ್ದೀರಾ?" ಎಂದರು ಆ ಯಮ್ಮ. ಆಮೇಲೆ ಮೆತ್ತಗೆ ಹೇಳಿದರು. "ಹಿಂದೆ ಹಂಗೆ ಬರೀತಿದ್ರು. ಕುಡಿಯದೇ ಇರೋರ ಗುಂಪಲ್ಲಿ, ಕಾಯಿಲೆ ಬಂತು ಅಂತ ಕುಡಿಯೋದು ಬಿಟ್ಟೋರನ್ನೂ ಸೇರಿಸಿಬಿಟ್ಟಿದ್ರು. ಆವಾಗ ಕುಡಿಯೋರೇ ಗಟ್ಟಿ ಅನ್ನೋ ಹಾಗೆ ಕಾಣ್ತಿತ್ತು. ಹಾರ್ಟಿನ ವಾದ ಇನ್ನೂ ಮುಗಿದಿಲ್ಲ ಅನ್ನೋರಿದ್ದಾರೆ. ಕ್ಯಾನ್ಸರಿಗೆ ಮಾತ್ರ ಇಷ್ಟು ಕುಡಿದ್ರೆ ಏನೂ ಆಗಲ್ಲ ಅನ್ನೋ ಗೆರೆ ಯಾರಿಗೂ ಸಿಕ್ಕಿಲ್ಲ."

ನಮ್ಮ ಯಜಮಾನರು ಸ್ಲೇಟಿನ ಮೇಲೆ ಬರೆದು ತಿರುಗಿಸಿದರು. ಮುಚ್ಚಳ?

ಆ ಯಮ್ಮನಿಗೆ ಅರ್ಥವಾಗಲಿಲ್ಲ. ಗೋಪಾಲ ಬಿಡಿಸಿ ಹೇಳಿದ. ಮುಚ್ಚಳ, ಮೆಣಸು, ಕತ್ತು ಮೇಲೆತ್ತಿ ನಿಲ್ಲಿಸುವುದು, ಎಲ್ಲ. ಹೆಮ್ಮೆಯಿಂದಲೇ ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಲ್ಸಿ ನುಂಗ್ತಿದ್ರಾ?"

"ನಿಲ್ಸೇ ನುಂಗ್ಬೇಕು ಮೇಡಂ. ಇಲ್ದಿದ್ರೆ ಕೆಲ್ಸ ಮಾಡಲ್ಲ."

"ಅಯ್ಯೋ ದೇವರೇ" ಎಂದರು. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅವತ್ತು ಎರಡು ಸಲ ಕೇಳಿ ತಿಳಿದುಕೊಂಡಿದ್ದೇನೆ.

ಕುಡಿದ ಬ್ರಾಂಡಿ ಒಳಗೆ ಹೋಗಿ ಬ್ರಾಂಡಿಯಾಗಿಯೇ ಇರುವುದಿಲ್ಲ. ಮೈ ಅದನ್ನು ಒಡೆಯುತ್ತದೆ. ಒಡೆದಾಗ ಮೊದಲು ಬರುವುದು ಒಂದು ವಿಷ. ಅಸಿಟಾಲ್ಡಿಹೈಡ್ ಅಂತ ಅದರ ಹೆಸರು. ಆಮೇಲೆ ಮೈ ಆ ವಿಷವನ್ನೂ ಒಡೆದು ಕೆಡುಕಿಲ್ಲದ ವಸ್ತು ಮಾಡುತ್ತದೆ. ಆದರೆ ಆ ಎರಡರ ನಡುವೆ ವಿಷಕ್ಕೆ ಸಮಯ ಸಿಗುತ್ತದೆ. ಹೆಚ್ಚಾಗಿ ಒಡೆಯುವುದು ಈಲಿಯಲ್ಲಿ, ಎಂದರೆ ಲಿವರಿನಲ್ಲಿ. ಬಾಯಲ್ಲೂ ಒಡೆಯುತ್ತದೆ. ಬಾಯಲ್ಲಿರುವ ಕಣ್ಣಿಗೆ ಕಾಣದ ಹುಳುಗಳೇ ಬ್ರಾಂಡಿಯನ್ನು ಆ ವಿಷ ಮಾಡುತ್ತವೆ. ಅದನ್ನು ಮುಂದಕ್ಕೆ ಒಡೆಯಲು ಅಲ್ಲಿ ಶಕ್ತಿ ಕಮ್ಮಿ. ಎಂಜಲಿನಲ್ಲಿ ನಿಲ್ಲುತ್ತದೆ. ಒಂದೇ ಗುಟುಕು ಬಾಯಲ್ಲಿ ಇಟ್ಟುಕೊಂಡು ಉಗುಳಿದರೂ ಎಂಜಲಿನಲ್ಲಿ ವಿಷ ಸಿಗುತ್ತದಂತೆ.

"ನೀವು ಔಷಧಿ ಅಂತ ನಿಲ್ಸಿದ್ದು ಅದನ್ನ" ಎಂದರು. "ಗಂಟಲಿಗೆ ಹಾಯಾಗಿದ್ದು ಗುಣ ಆಗಿ ಅಲ್ಲ. ಜೋಮು ಹಿಡಿದು."

ಮೇಷ್ಟ್ರು "ಅದು ವಿಷ ಅಂದ್ರೆ ಹೆಂಗೆ ಕ್ಯಾನ್ಸರ್ ಮಾಡುತ್ತೆ?" ಎಂದರು. ಕೇಳಬೇಕಾದ ಒಂದು ಮಾತು ಅವರ ಬಾಯಿಂದ ಬಂತು.

ಡಾಕ್ಟರಮ್ಮ ನಮ್ಮ ಯಜಮಾನರ ಕಡೆ ತಿರುಗಿದರು. "ಬಸ್ಸಿಗೆ ಬೋರ್ಡ್ ಇರುತ್ತಲ್ಲ ಯಜಮಾನ್ರೇ, ಹಂಗೆ ಮೈಯಲ್ಲಿ ಒಂದೊಂದು ಜೀವಕೋಶದ ಒಳಗೂ ಒಂದು ಬರಹ ಇರುತ್ತೆ. ಡಿಎನ್‌ಎ ಅಂತೀವಿ. ಎಷ್ಟು ಬೆಳೀಬೇಕು, ಯಾವಾಗ ನಿಲ್ಲಬೇಕು ಅಂತ ಅದರಲ್ಲಿ ಬರೆದಿರುತ್ತೆ. ಈ ವಿಷ ಹೋಗಿ ಆ ಅಕ್ಷರಕ್ಕೆ ಅಂಟ್ಕೊಳುತ್ತೆ. ಆ ಬರಹ ಎರಡು ಎಳೆ ದಾರದ ಹಾಗೆ ಇರುತ್ತೆ, ಒಂದೊಂದು ಸಲ ಆ ಎಳೆಗಳನ್ನ ಸೇರಿಸಿ ಗಂಟು ಹಾಕುತ್ತೆ. ಒಂದೊಂದು ಸಲ ಮುರಿಯುತ್ತೆ. ಕೋಶ ಒಂದು ಎರಡಾಗಬೇಕಾದ್ರೆ ಆ ಬರಹ ನೋಡಿ ಇನ್ನೊಂದು ಬರಹ ಮಾಡ್ಬೇಕು. ವಿಷ ಅಂಟಿರೋ ಅಕ್ಷರಾನ ಕೋಶ ತಪ್ಪಾಗಿ ಓದುತ್ತೆ, ತಪ್ಪಾಗೇ ಬರೆಯುತ್ತೆ."

ನಮ್ಮ ಯಜಮಾನರು ಬರೆದರು. ರಿಪೇರಿ?

"ಇದೆ. ರಿಪೇರಿ ಮಾಡೋರು ಮೈಯಲ್ಲೇ ಇದ್ದಾರೆ, ದಿನಾ ಮಾಡ್ತಾರೆ. ಅದಕ್ಕೇ ಕುಡಿದೋರಿಗೆಲ್ಲ ಕ್ಯಾನ್ಸರ್ ಬರಲ್ಲ. ಆದ್ರೆ ಈ ವಿಷ ಆ ರಿಪೇರಿಯೋರ ಕೈಗೂ ಅಡ್ಡ ಬರುತ್ತೆ. ನಿಲ್ಲು ಅನ್ನೋ ಅಕ್ಷರವೇ ಅಳಿಸಿಹೋದ್ರೆ ಆ ಕೋಶ ನಿಲ್ಲಲ್ಲ. ಬೆಳೀತಾನೇ ಹೋಗುತ್ತೆ."

ಬ್ರೇಕಿಲ್ಲದ ಬಸ್ಸು ಅಂತ ಗೋಪಾಲ ಗೊಣಗಿದ. ಡಾಕ್ಟರಮ್ಮ ಹೂಂ ಅಂದರು.

ಕಳ್ಳಾದರೂ ಅಷ್ಟೇ, ಬೀರಾದರೂ ಅಷ್ಟೇ, ಒಳಗಿರುವುದು ಒಂದೇ ಆಲ್ಕೋಹಾಲ್ ಎಂದರು. ಬಾಯಿ, ಗಂಟಲು, ಅನ್ನನಾಳ, ಈಲಿ, ದೊಡ್ಡಕರುಳು, ಹೆಂಗಸರ ಎದೆ, ಇಷ್ಟು ಕಡೆ ಕ್ಯಾನ್ಸರಿಗೆ ಅದು ದಾರಿ ಎಂದರು. ಬೀಡಿಯೂ ಸೇರಿದರೆ ಅಪಾಯ ಒಂದಕ್ಕೆ ಒಂದು ಕೂಡುವುದಲ್ಲ, ಗುಣಿಸುವುದು. ಗೋಪಾಲ ಜೇಬಿನ ಬೀಡಿ ಕಟ್ಟಿನ ಮೇಲೆ ಕೈ ಮುಚ್ಚಿಕೊಂಡ.

ಮೇಷ್ಟ್ರು ಬಿಡಲಿಲ್ಲ. "ಹಂಗಾದ್ರೆ ಇವರಿಗೆ ಅದ್ರಿಂದ್ಲೇ ಬಂತು ಅಂತೀರಾ?"

"ಒಬ್ಬರ ಮೈ ನೋಡಿ ಇದರಿಂದಲೇ ಬಂತು ಅಂತ ಬರೆದುಕೊಡೋಕೆ ನನ್ನಿಂದಾಗಲ್ಲ. ಯಾವ ಡಾಕ್ಟರಿಂದಲೂ ಆಗಲ್ಲ. ಸ್ವಲ್ಪ ಕುಡಿದ್ರೆ ಅಪಾಯ ಸ್ವಲ್ಪ, ಜಾಸ್ತಿ ಕುಡಿದ್ರೆ ಜಾಸ್ತಿ. ಸ್ವಲ್ಪ ಅಂದ್ರೆ ಸೊನ್ನೆ ಅಲ್ಲ. ಅಷ್ಟೇ ನಾನು ಹೇಳೋದು."

ಹೊರಗೆ ಬಂದ ಮೇಲೆ ಮೇಷ್ಟ್ರು ಹೇಳಿದ್ದು ಏನು ಗೊತ್ತೇ? "ನೋಡಿ, ಡಾಕ್ಟ್ರೇ ಒಪ್ಕೊಂಡ್ರು. ಅದ್ರಿಂದ್ಲೇ ಬಂತು ಅಂತ ಹೇಳೋಕಾಗಲ್ವಂತೆ." ಅಷ್ಟು ಮಾತಿನಲ್ಲಿ ಅವರಿಗೆ ಬೇಕಾದ್ದು ಅದೊಂದೇ ಕಿವಿಗೆ ಬಿದ್ದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು.

ನಮ್ಮ ಯಜಮಾನರು ಅವರ ಕೈಗೆ ಸ್ಲೇಟು ಕೊಟ್ಟರು. ಸ್ವಲ್ಪ ಅಂದ್ರೆ ಸೊನ್ನೆ ಅಲ್ಲ ಅಂತ ಬರೆದಿತ್ತು. ಮೇಷ್ಟ್ರು ಓದಿ, ಸ್ಲೇಟನ್ನು ಹಿಂದಕ್ಕೆ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದರು.

ಆಮೇಲೆ ಹುಣ್ಣು ತಿರುಗಿ ಬಂತು. ಮೂಗಿನ ಕೊಳವೆಯಲ್ಲಿ ಗಂಜಿ. ಕೊನೆಕೊನೆಗೆ ಅವರಿಗೆ ಎಂಜಲು ನುಂಗಲೂ ಆಗುತ್ತಿರಲಿಲ್ಲ. ಅದನ್ನೆಲ್ಲ ಬರೆಯುವುದಿಲ್ಲ. ನೋಡಿದವರಿಗೆ ಗೊತ್ತು, ನೋಡದವರಿಗೆ ಬೇಡ. ಹೋಗುವ ಮೊದಲು ಗೋಪಾಲನನ್ನು ಹತ್ತಿರ ಕರೆದು, ಅವನ ಗಂಟಲು ಮುಟ್ಟಿ, ಬೇಡ ಅಂತ ಕೈ ಅಲ್ಲಾಡಿಸಿದರು. ಗೋಪಾಲ ಅತ್ತ. ಅತ್ತು ಗಂಟಲು ಕಟ್ಟಿತು ಅಂತ ಅವತ್ತು ಸಂಜೆ ಒಂದು ಮುಚ್ಚಳ ಹಾಕಿದ. ನಾನು ಕಣ್ಣಾರೆ ಕಂಡೆ.

ತಿಥಿಗೆ ಹಳ್ಳಿಗೆ ಹೋದೆವು. ನಮ್ಮಲ್ಲಿ ತಿಥಿಯ ದಿನ ಸಮಾಧಿಯ ಹತ್ತಿರ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಇರಬೇಕು. ಆಮೇಲೆ ಕಾಗೆ ಕರೆಯಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡ ಹಾಗೆ. ಮುಟ್ಟಿದ ಮೇಲೆ ಎಡೆಯನ್ನು ಮನೆಯವರು ಹಂಚಿಕೊಂಡು ತಿನ್ನಬೇಕು. ಬ್ರಾಂಡಿ ಇಟ್ಟರೆ ಬ್ರಾಂಡಿಯೂ ಹಂಚಬೇಕು. ಅದು ಪ್ರಸಾದ. ಪ್ರಸಾದವನ್ನು ಬೇಡ ಎನ್ನುವಂತಿಲ್ಲ.

ಗೋಪಾಲ ಕ್ವಾರ್ಟರ್ ಬಾಟಲಿ ತಂದಿದ್ದ. ಜೊತೆಗೆ ಅಣ್ಣನ ಹಳೆಯ ಮುಚ್ಚಳ. ತಗಡಿನದು, ಅಂಚು ಸವೆದದ್ದು, ನಿಲ್ದಾಣದ ಗೂಡಿನಲ್ಲಿ ಇಟ್ಟುಕೊಂಡಿದ್ದರಂತೆ. ಅದನ್ನು ಶಾಲಿಗ್ರಾಮ ಹಿಡಿದ ಹಾಗೆ ಹಿಡಿದುಕೊಂಡಿದ್ದ.

"ಇದನ್ನ ಎಡೆಗೆ ಇಡ್ಬೇಕು ಅತ್ತಿಗೆ." ಮಾತು ಹೊರಡುವಾಗ ಅರ್ಧ ಗಾಳಿ.

"ಇಡಲ್ಲ" ಎಂದೆ.

"ಅಣ್ಣಂಗೆ ಇಷ್ಟವಾದ್ದು."

"ನಿಮ್ಮಣ್ಣಂಗೆ ಉಪ್ಪಿನಕಾಯೂ ಇಷ್ಟ, ಕೋಳಿ ಸಾರೂ ಇಷ್ಟ. ಎಲ್ಲಾ ಇಟ್ಟಿದೀನಿ. ಗಂಟಲು ತಿಂದಿದ್ದನ್ನ ತಂದು ಎಲೆ ಮೇಲೆ ಇಡಲ್ಲ."

ನಮ್ಮ ಅತ್ತೆ ಓಬಳಮ್ಮ ಕಲ್ಲಿನ ಮೇಲೆ ಕೂತಿದ್ದರು. ಕಣ್ಣು ಮಂಜು, ಬಾಯಿ ಗಟ್ಟಿ. "ನಿನ್ನದೇನೇ ಕಾನೂನು? ನನ್ ಮಗ ಬಾಯಾರ್ಕೊಂಡು ಹೋಗವ್ನೆ. ಇಡ್ಲಿ ಬುಡು."

"ನಿಮ್ಮ ಮಗನಿಗೆ ಇಡೋದಲ್ಲ ಅತ್ತೆ. ಅವರು ಕುಡಿಯಲ್ಲ. ಎಡೆ ಮುಗಿದ ಮೇಲೆ ಕುಡಿಯೋನು ಈ ಮಗ. ಇವನ ದನಿ ಕೇಳ್ತಾ ಇದೀರಲ್ಲ?"

"ಕೆಮ್ಮಲು ಕಣೆ. ಒಂದ್ ಮುಚ್ಚಳ ಬಿದ್ರೆ ಸರಿ ಹೋಯ್ತದೆ."

ಇಡೀ ತಾಲೂಕಿನಲ್ಲಿ ಇದಕ್ಕಿಂತ ಬೇರೆ ಔಷಧಿ ಯಾರಿಗೂ ಗೊತ್ತಿಲ್ಲ.

ಗೋಪಾಲನ ಹೆಂಡತಿ ದಿವ್ಯ ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು. "ಅಕ್ಕ, ಅನ್ನ ನುಂಗೋವಾಗ ಕತ್ತು ಓರೆ ಮಾಡ್ತಾರೆ. ಹೇಳಿದ್ರೆ ಹೊಡೆಯೋಕೆ ಬರ್ತಾರೆ."

ಬಾಟಲಿಯನ್ನು ಗೋಪಾಲನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ನೆಂಟರು ಬಾಯಿ ಬಿಟ್ಟು ನೋಡಿದರು. ಗಂಡನ ತಿಥಿಯಲ್ಲಿ ಬ್ರಾಂಡಿ ಬಾಟಲಿ ಅವಚಿಕೊಂಡು ನಿಂತ ಹೆಂಗಸನ್ನು ಅವರು ನೋಡಿರಲಿಲ್ಲ. ನೋಡಲಿ.

ಬಾಟಲಿ ಇಲ್ಲದೇ ಎಡೆ ಇಟ್ಟರು. ದೀಪ ಹಚ್ಚಿದರು. ಎಲ್ಲರೂ ಹಿಂದೆ ಸರಿದು ನಿಂತರು. ಕಾಗೆ ಇಲ್ಲ. ಬೇಲಿಯ ಆಚೆ ಜಾಲಿ ಮರದಲ್ಲಿ ಎರಡು ಕೂತಿದ್ದವು, ಬರಲಿಲ್ಲ. ಬಿಸಿಲು ಏರಿತು. ಯಾರೋ ಅಂದರು. "ಬಾಟ್ಲಿ ಇಟ್ಟಿಲ್ಲ, ಅದಕ್ಕೇ ರಂಗರಾಜು ಮುನಿಸ್ಕೊಂಡವ್ನೆ." ಇನ್ನೊಬ್ಬ ಅಂದ. "ಹೂಂ ಕಣಪ್ಪ, ಬ್ರಾಂಡಿ ವಾಸ್ನೆ ಇಲ್ದೆ ಅವನೆಂಗೆ ಬತ್ತಾನೆ?" ನಕ್ಕರು. ಕುಡುಕನಲ್ಲ ಪಾಪ ಎಂದಿದ್ದವರೂ ಅವರೇ.

ಅತ್ತೆ ಕೈ ಎತ್ತಿದರು. "ಲೇ ಗೋಪಾಲ, ನೀನು ಕೂಗ್ಲಾ. ಕೂಗೋ ಕೆಲ್ಸ ನಿಂದೇ ಅಲ್ವಾ? ಕರೀಲಾ ನಿಮ್ಮಣ್ಣನ್ನ."

ಗೋಪಾಲ ಮುಂದೆ ಬಂದ. ಎದೆ ತುಂಬ ಗಾಳಿ ಎಳೆದುಕೊಂಡ. ಬಾಯಿ ತೆರೆದ.

ಕಾ ಅನ್ನುವುದು ಬರಲಿಲ್ಲ. ತೂತಾದ ಟೈರಿನಿಂದ ಬರುವ ಹಾಗೆ ಗಾಳಿ ಬಂತು. ಮತ್ತೆ ಎಳೆದುಕೊಂಡ, ಮತ್ತೆ ಅದೇ. ಮೂರನೆಯ ಸಲ ದನಿ ಹೊರಟು ನಡುವೆಯೇ ಎರಡು ಸೀಳಾಯಿತು. ಒಂದು ಕೀರಲು, ಒಂದು ಬರೀ ಉಸಿರು. ನಗುತ್ತಿದ್ದವರು ನಿಲ್ಲಿಸಿದರು.

ಆ ಸದ್ದು ನನಗೆ ಗೊತ್ತು. ಆ ಸದ್ದಿನ ಪಕ್ಕ ನಾನು ಮಲಗಿ ಎದ್ದಿದ್ದೇನೆ. ಅತ್ತೆಗೂ ಗೊತ್ತಿತ್ತು. ಕಣ್ಣು ಕಾಣದವರಿಗೆ ಕಿವಿ ಸುಳ್ಳು ಹೇಳುವುದಿಲ್ಲ. ದೊಡ್ಡ ಮಗ ಹಬ್ಬಕ್ಕೆ ಬಂದು "ಅವ್ವ" ಎಂದಾಗ ಹೀಗೇ ಸೀಳಿತ್ತು.

"ಇನ್ನೊಂದ್ ಸಲ ಕೂಗ್ಲಾ" ಎಂದರು ಅತ್ತೆ.

"ಆಗಲ್ಲ ಕಣವ್ವ" ಎಂದ ಗೋಪಾಲ. ಅದೂ ಗಾಳಿಯಲ್ಲೇ.

ಅತ್ತೆ ಎದ್ದರು. ಕೋಲು ಊರಿಕೊಂಡು ನನ್ನ ಹತ್ತಿರ ಬಂದು ಕೈ ಚಾಚಿದರು. "ಕೊಡು ಇಲ್ಲಿ." ನಾನು ಹಿಂದೆ ಸರಿದೆ. "ಕೊಡೇ, ನಾನೇನು ಕುಡಿಯಲ್ಲ." ಕೊಟ್ಟೆ. ಮುಚ್ಚಳ ತಿರುಪಿ, ತಡವಿ ನೋಡಿ, ಬಾಟಲಿಯನ್ನು ಬೋರಲು ಹಾಕಿದರು. ಸಮಾಧಿಯ ಮಣ್ಣಿನ ಮೇಲಲ್ಲ. ಆಚೆ, ಕತ್ತಾಳೆಯ ಬುಡಕ್ಕೆ. ಆಮೇಲೆ ಗೋಪಾಲನ ಕೈಯಲ್ಲಿದ್ದ ತಗಡಿನ ಮುಚ್ಚಳ ಕಸಿದು ಅದೂ ಅಲ್ಲಿಗೇ.

"ಒಂದು ಮಗನ್ನ ಇದ್ಕೆ ಎಡೆ ಇಟ್ಟಾಯ್ತು" ಎಂದರು. "ಇನ್ನೊಂದ್ನ ಇಡಲ್ಲ. ನಡೀಲಾ ಆಸ್ಪತ್ರೆಗೆ."

ನಾವೆಲ್ಲ ಆ ಕಡೆ ತಿರುಗಿದ್ದಾಗ ಕಾಗೆ ಬಂದು ಎಲೆಯ ಮೇಲಿನ ವಡೆ ಕಚ್ಚಿಕೊಂಡು ಹೋಗಿತ್ತು. ಕಾಗೆಗೆ ವಡೆ ಸಾಕಿತ್ತು.

ತುಮಕೂರಿನಲ್ಲಿ ಗಂಟಲ ಡಾಕ್ಟರಿಗೆ ತೋರಿಸಿದೆವು. ಕ್ಯಾಮೆರಾದ ಸಣ್ಣ ಕೊಳವೆಯನ್ನು ಮೂಗಿನಿಂದ ಇಳಿಸಿ ನೋಡಿದರು. ದಿವ್ಯ ಹೊರಗೆ ಬೆಂಚಿನ ಮೇಲೆ ತಾಳಿ ಹಿಡಿದುಕೊಂಡು ಅಳುತ್ತ ಕೂತಿದ್ದಳು. ನಾನು ನನ್ನ ಬರಿಗೈ ನೋಡಿಕೊಂಡು ಕೂತಿದ್ದೆ. ಡಾಕ್ಟರು ಕರೆದರು. ಕ್ಯಾನ್ಸರ್ ಅಲ್ಲ. ಧ್ವನಿತಂತಿಯ ಮೇಲೆ ಗಂಟು. ಕೂಗುವವರಿಗೆ ಬರುತ್ತದೆ. ಸುತ್ತ ಊದಿಕೊಂಡಿದೆ, ನುಂಗುವಾಗ ನೋವು ಅದಕ್ಕೆ. ಸ್ವಲ್ಪ ಕಾಲ ಬಾಯಿ ಮುಚ್ಚಿಕೊಂಡಿರಬೇಕು. ಬೀಡಿ ಬಿಡಬೇಕು, ಕುಡಿಯುವುದು ಬಿಡಬೇಕು, ಮತ್ತೆ ಬಂದು ತೋರಿಸಬೇಕು.

ಬಾಯಿ ಮುಚ್ಚಿಕೊಂಡಿರು ಎಂದು ಡಾಕ್ಟರು ಹೇಳಿ ಮುಗಿಸುವ ಮೊದಲೇ ಗೋಪಾಲ ಬಾಯಿ ತೆರೆದ. "ಕ್ಯಾನ್ಸರ್ ಇಲ್ವಲ್ಲ ಸಾರ್. ಹಂಗಾದ್ರೆ ಒಂದು ಮುಚ್ಚಳ..."

ದಿವ್ಯ ಅಳು ನಿಲ್ಲಿಸಿ ಅವನನ್ನು ನೋಡಿದಳು. ನನಗೆ ನಗು ಬಂತು. ಗಂಡ ಹೋದ ಮೇಲೆ ಮೊದಲ ಸಲ ಬಂದ ನಗು, ಅದೂ ಇಂಥದ್ದಕ್ಕೆ. ಸಾವಿನ ಬಾಗಿಲಿನ ತನಕ ಹೋಗಿ, ಬಾಗಿಲು ತೆರೆಯಲಿಲ್ಲ ಅಂತ ಸಂತೋಷಕ್ಕೆ ಅಲ್ಲೇ ಬಾಗಿಲು ಬಡಿಯುವ ಜನ.

"ಗೋಪಾಲ" ಎಂದೆ. "ನಿನ್ನ ಬೋರ್ಡ್ ಇನ್ನೂ ಅಳಿಸಿಲ್ಲ ಅಂತ ಹೇಳಿದ್ರು. ಮಸಿ ಬಳಿಯೋಕೆ ಲೈಸೆನ್ಸ್ ಕೊಟ್ಟಿಲ್ಲ ಕಣಪ್ಪ."

ಡಾಕ್ಟರಿಗೆ ಇದು ಏನೆಂದು ತಿಳಿಯಲಿಲ್ಲ. ಗೋಪಾಲನಿಗೆ ತಿಳಿಯಿತು. ಬೆಂಗಳೂರಿನಲ್ಲಿ ಸ್ಲೇಟಿನ ಪಕ್ಕ ಕೂತು ಕೇಳಿದವನು. ಕಣ್ಣು ಕೆಳಗೆ ಹಾಕಿದ. ಜೇಬಿನಿಂದ ಬೀಡಿ ಕಟ್ಟು ತೆಗೆದು ದಿವ್ಯಳ ಮಡಿಲಿಗೆ ಹಾಕಿದ. ಮುಚ್ಚಳದ ಮಾತು ಮತ್ತೆ ಎತ್ತಲಿಲ್ಲ.

ಈಗ ನಿಲ್ದಾಣದಲ್ಲಿ ಅವನು ಕೂಗುವುದಿಲ್ಲ. ಬಸ್ಸಿನ ಪಕ್ಕೆಗೆ ಅಂಗೈಯಿಂದ ದಬದಬ ಬಡಿದು, ಮೇಲಿನ ಬೋರ್ಡಿನ ಕಡೆ ಬೆರಳು ತೋರಿಸುತ್ತಾನೆ. ಜನ ಓದಿಕೊಂಡು ಹತ್ತುತ್ತಾರೆ. ಇಷ್ಟು ವರ್ಷ ಬೋರ್ಡು ಅಲ್ಲೇ ಇತ್ತು. ನಿಲ್ದಾಣದವರು "ಮೂಗ ಏಜೆಂಟ್" ಅಂತ ಹೆಸರಿಟ್ಟಿದ್ದಾರೆ. ಅವರ ಗಂಟಲ ಔಷಧಿ ಈಗಲೂ ನಡೆದಿದೆ. ಮೇಷ್ಟ್ರು ಮೊನ್ನೆ ಸಿಕ್ಕು, ವೈನ್ ದ್ರಾಕ್ಷಿಯದಲ್ಲವೇ, ಅದು ಹಣ್ಣಿನ ಲೆಕ್ಕ ಎಂದರು. ಅವರ ಕೈಚೀಲದಲ್ಲಿ ಬಾಟಲಿಗೆ ಬಾಟಲಿ ತಾಗಿ ಸದ್ದಾಯಿತು.

ಸಂಜೆ ಗೋಪಾಲ ನಮ್ಮ ಮನೆಯ ಮೇಲೇ ಹೋಗಬೇಕು. ಬಾರು ನಮ್ಮ ಮನೆಯಿಂದ ಮುಂದೆ. ಜಗಲಿಯ ಮೇಲೆ ಕೂರಿಸಿ, ಬಿಸಿನೀರಿಗೆ ಮೆಣಸು ಹಾಕಿ ಲೋಟದಲ್ಲಿ ಕೊಡುತ್ತೇನೆ. ಮೊದಲ ದಿನ ಅಭ್ಯಾಸಕ್ಕೆ ಕತ್ತು ಮೇಲೆತ್ತಿ ಗಂಟಲಲ್ಲಿ ನಿಲ್ಲಿಸಿದ.

"ನುಂಗು" ಎಂದೆ. "ಅದು ನೀರು."

ನುಂಗಿದ. ಮುಖ ಕಿವುಚಿ, ಖಾರ ಅಂತ ಕೈ ಸನ್ನೆ ಮಾಡಿದ. ಲೋಟ ಕೆಳಗಿಟ್ಟು, ಒಂದು ಗಳಿಗೆ ಬಾರಿನ ಕಡೆ ನೋಡಿ, ತಿರುಗಿ ತನ್ನ ಮನೆಯ ಕಡೆ ನಡೆದ.

ನಾಳೆಯದು ನನಗೆ ಗೊತ್ತಿಲ್ಲ. ಇವತ್ತು ಮೆಣಸು ಕುಟ್ಟಿ ಇಟ್ಟಿದ್ದೇನೆ.